ಕಿಲೋಮೀಟರಿಗೆ 250 ಜಾಯಿಂಟು, ನಾಲ್ಕು ಟನ್ ಸರಳು: ರೋಣ, ನರಗುಂದ, ಗಜೇಂದ್ರಗಡದ ಸಿಸಿ ರಸ್ತೆಯ ಎಸ್ಟಿಮೇಟ್ ಓದೋದು ಹೇಗೆ?

‘ನಮ್ಮೂರಿಗೆ ಸಿಸಿ ರೋಡ್ ಆತು’ ಅಂದರೆ ರೋಣ, ನರಗುಂದ ಭಾಗದಲ್ಲಿ ಅದು ಸಣ್ಣ ಸುದ್ದಿಯಲ್ಲ. ಇಲ್ಲಿನ ನೆಲ ಎರಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಅಗಲ ಬಿರುಕು ಬಿಡುವ ಅದೇ ಮಣ್ಣು ಎರಡು ಮಳೆ ಬಿದ್ದರೆ ಟ್ರ್ಯಾಕ್ಟರಿನ ಗಾಲಿಯನ್ನು ಅಚ್ಚಿನವರೆಗೆ ನುಂಗುತ್ತದೆ. ಅದರ ಮೇಲೆ ಹಾಕಿದ ತೆಳು ಡಾಂಬರು ಎರಡು ಮೂರು ಮಳೆಗಾಲದಲ್ಲಿ ಹಪ್ಪಳದಂತೆ ಏಳುತ್ತದೆ. ಬೆಣ್ಣಿಹಳ್ಳ ಅಥವಾ ಮಲಪ್ರಭೆ ಉಕ್ಕಿದಾಗ ನೀರು ನಿಲ್ಲುವ ಕಡೆಯಂತೂ ಕೇಳೋದೇ ಬೇಡ. ಹಾಗಾಗಿ ಕಾಂಕ್ರೀಟ್ ಬೇಕು ಅನ್ನುವ ಬೇಡಿಕೆಯಲ್ಲಿ ತಪ್ಪೇನಿಲ್ಲ.

ಈ ಲೇಖನ ಆ ಕಾಂಕ್ರೀಟಿನ ಒಳಗೆ ಹೋಗುವ ಒಂದೇ ಒಂದು ವಸ್ತುವಿನ ಬಗ್ಗೆ. ಅದರ ಹೆಸರು ಡೋವೆಲ್ ಬಾರ್. ಎಸ್ಟಿಮೇಟಿನಲ್ಲಿ ಇದು ಒಂದು ಸಾಲು, ಪಕ್ಕದಲ್ಲಿ ಇಷ್ಟು ಕಿಲೋ ಅಂತ ಒಂದು ಸಂಖ್ಯೆ. ರಸ್ತೆ ಆದ ಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕಣ್ಣಿಗೆ ಬೀಳದ, ಆದರೆ ಬಿಲ್ಲಿನಲ್ಲಿ ಇರುವ ವಸ್ತುವಿನ ಬಗ್ಗೆ ಊರವರು ಲೆಕ್ಕ ಕೇಳಬೇಕು ಅಂದರೆ ಮೊದಲು ಆ ಲೆಕ್ಕ ಹೇಗೆ ಹುಟ್ಟುತ್ತದೆ ಅಂತ ಗೊತ್ತಿರಬೇಕು. ಎಂಟನೇ ಕ್ಲಾಸಿನ ಗುಣಾಕಾರ ಬಂದರೆ ಸಾಕು.

ಗೆರೆ ಯಾಕೆ ಕೊಯ್ಯುತ್ತಾರೆ?

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸಿಕೊಳ್ಳೋಣ. ಸಿಸಿ ರಸ್ತೆ ಅಂದರೆ ಮನೆಯ ಸ್ಲ್ಯಾಬಿನಂತೆ ಒಳಗೆಲ್ಲ ಕಬ್ಬಿಣದ ಜಾಲರಿ ಇರುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇಲ್ಲ. ಹಳ್ಳಿ ರಸ್ತೆಯೇ ಇರಲಿ, ಹೆದ್ದಾರಿಯೇ ಇರಲಿ, ನಮ್ಮಲ್ಲಿ ಸಾಮಾನ್ಯವಾಗಿ ಹಾಕುವುದು ಸಾದಾ ಕಾಂಕ್ರೀಟ್. ಭಾರ ಹೊರುವುದು ಕಾಂಕ್ರೀಟಿನ ದಪ್ಪ, ಅದರ ಗಟ್ಟಿತನ, ಕೆಳಗಿನ ಹಾಸು. ಕಬ್ಬಿಣ ಬರುವುದು ಜಾಯಿಂಟುಗಳಲ್ಲಿ ಮಾತ್ರ.

ಜಾಯಿಂಟು ಯಾಕೆ ಬೇಕು? ಕಾಂಕ್ರೀಟು ತಣ್ಣಗಾದಾಗ ಕುಗ್ಗುತ್ತದೆ, ಒಣಗುವಾಗಲೂ ಕುಗ್ಗುತ್ತದೆ. ಉಷ್ಣತೆ ಒಂದು ಡಿಗ್ರಿ ಇಳಿದರೆ ಅದು ತನ್ನ ಉದ್ದದ ಸುಮಾರು ಲಕ್ಷದಲ್ಲಿ ಒಂದು ಭಾಗ ಕುಗ್ಗುತ್ತದೆ. ಕೇಳಲಿಕ್ಕೆ ಏನೂ ಅಲ್ಲ. ಆದರೆ ಒಂದು ಕಿಲೋಮೀಟರ್ ಉದ್ದದ ಹಾಸು 30 ಡಿಗ್ರಿ ತಣ್ಣಗಾದರೆ ಆ ಲೆಕ್ಕದಲ್ಲಿ 30 ಸೆಂಟಿಮೀಟರ್, ಅಂದರೆ ಒಂದು ಅಡಿ ಕುಗ್ಗಬೇಕು. ಕೆಳಗಿನ ನೆಲ ಅದನ್ನು ಹಿಡಿದುಕೊಂಡಿರುವುದರಿಂದ ಸುಮ್ಮನೆ ಕುಗ್ಗಲಿಕ್ಕೆ ಆಗದೆ ಅದು ಸೀಳುತ್ತದೆ, ತನಗೆ ಬೇಕಾದ ಕಡೆ, ಅಂಕುಡೊಂಕಾಗಿ. ಅದೇ ಹಾಸನ್ನು 4 ಮೀಟರಿನ ತುಂಡು ಮಾಡಿದರೆ ಒಂದೊಂದು ತುಂಡು ಕುಗ್ಗುವುದು 1.2 ಮಿಲಿಮೀಟರ್ ಮಾತ್ರ.

ಹಾಗಾಗಿ ಇಂಜಿನಿಯರು ‘ಹೇಗೂ ಸೀಳ್ತೀಯಲ್ಲ, ನಾನು ಹೇಳಿದ ಕಡೆ ಸೀಳು’ ಅನ್ನುತ್ತಾನೆ. ಕಾಂಕ್ರೀಟು ಹಾಕಿದ ಕೆಲವೇ ಗಂಟೆಗಳಲ್ಲಿ, ಕಲ್ಲು ಕಿತ್ತು ಬಾರದಷ್ಟು ಗಟ್ಟಿಯಾದ ಕೂಡಲೇ, ಯಂತ್ರದ ಬ್ಲೇಡಿನಿಂದ ರಸ್ತೆಗೆ ಅಡ್ಡಲಾಗಿ 3ರಿಂದ 5 ಮಿಲಿಮೀಟರ್ ಅಗಲದ ಗೆರೆ ಕೊಯ್ಯುತ್ತಾರೆ. ಆಳ ಹಾಸಿನ ದಪ್ಪದ ಕಾಲುಭಾಗದಿಂದ ಮೂರನೇ ಒಂದು ಭಾಗ. 200 ಮಿಲಿಮೀಟರ್ ದಪ್ಪದ ಹಾಸಿಗೆ 50ರಿಂದ 65 ಮಿಲಿಮೀಟರ್. ಗೆರೆಯ ಕೆಳಗೆ ಹಾಸು ದುರ್ಬಲವಾಗುವುದರಿಂದ ಬಿರುಕು ಅಲ್ಲಿಂದಲೇ ನೆಟ್ಟಗೆ ಕೆಳಗಿಳಿಯುತ್ತದೆ. ಇದೇ ಸಂಕೋಚನ ಜಾಯಿಂಟು. ನಾವು ನೋಡುವ ಗೆರೆಯ ಕೆಳಗೆ ಒಂದು ನಿಜವಾದ ಬಿರುಕು ಇದೆ, ಮತ್ತು ಇರಲೇಬೇಕು.

ಈಗ ಹೊಸ ಸಮಸ್ಯೆ. ಹಾಸು ತುಂಡಾಯಿತು. ಈರುಳ್ಳಿ ತುಂಬಿದ ಲಾರಿ ಒಂದು ತುಂಡಿನ ಅಂಚಿಗೆ ಬಂದಾಗ ಆ ಅಂಚು ಒಬ್ಬಂಟಿಯಾಗಿ ಭಾರ ಹೊರಬೇಕು. ಅಂಚು ಕೆಳಗೆ ಬಾಗುತ್ತದೆ, ಗಾಲಿ ದಾಟಿದ ಕೂಡಲೇ ಮೇಲೇಳುತ್ತದೆ, ಪಕ್ಕದ ತುಂಡು ಬಾಗುತ್ತದೆ. ಪ್ರತಿ ಗಾಲಿಗೂ ಇದೇ ಕುಟ್ಟಾಟ. ಇದನ್ನು ತಪ್ಪಿಸಲು ಎರಡು ತುಂಡುಗಳ ನಡುವೆ ಒಂದು ಸೇತುವೆ ಬೇಕು, ಭಾರವನ್ನು ದಾಟಿಸಬೇಕು, ಆದರೆ ಕುಗ್ಗುವುದನ್ನು ತಡೆಯಬಾರದು. ಡೋವೆಲ್ ಬಾರ್ ಅದೇ ಕೆಲಸಕ್ಕೆ ಇರುವುದು. ನಯವಾದ ದುಂಡು ಸರಳು, ಅರ್ಧ ಈ ತುಂಡಿನಲ್ಲಿ, ಅರ್ಧ ಆ ತುಂಡಿನಲ್ಲಿ, ಹಾಸಿನ ದಪ್ಪದ ನಟ್ಟನಡುವೆ. ಒಂದು ಕಡೆ ಕಾಂಕ್ರೀಟಿಗೆ ಅಂಟಿಕೊಂಡಿರುತ್ತದೆ. ಇನ್ನೊಂದು ಕಡೆ ತೆಳು ಪ್ಲಾಸ್ಟಿಕ್ ಕೊಳವೆ ತೊಡಿಸಿರುತ್ತಾರೆ, ಸರಳು ಅದರೊಳಗೆ ಜಾರಬೇಕು. ಟೇಬಲಿನ ಡ್ರಾಯರ್ ಹಳಿಯ ಮೇಲೆ ಹಿಂದೆ ಮುಂದೆ ಸರಿಯುತ್ತದೆ, ಕೆಳಗೆ ಬೀಳುವುದಿಲ್ಲ. ಹಾಗೆ.

ಒಂದು ಕಿಲೋಮೀಟರಿನ ಲೆಕ್ಕ

ಲೆಕ್ಕಕ್ಕೆ ಒಂದು ರಸ್ತೆ ಇಟ್ಟುಕೊಳ್ಳೋಣ. ಉದ್ದ 1 ಕಿಲೋಮೀಟರ್, ಅಗಲ 3.75 ಮೀಟರ್, ಅಂದರೆ ನಮ್ಮ ಹಳ್ಳಿಗಳಿಗೆ ಹೋಗುವ ಮಾಮೂಲಿ ಒಂಟಿ ಪಥದ ರಸ್ತೆ. ದಪ್ಪ 200 ಮಿಲಿಮೀಟರ್. ಜಾಯಿಂಟುಗಳ ಅಂತರ 4 ಮೀಟರ್. ಈ ದಪ್ಪಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 58ನೇ ಸಂಹಿತೆ ಹೇಳುವ ಡೋವೆಲ್: 25 ಮಿಲಿಮೀಟರ್ ವ್ಯಾಸ, 360 ಮಿಲಿಮೀಟರ್ ಉದ್ದ, ಸರಳಿನಿಂದ ಸರಳಿಗೆ 300 ಮಿಲಿಮೀಟರ್.

ಜಾಯಿಂಟುಗಳ ಸಂಖ್ಯೆ ಸುಲಭ. ಸಾವಿರಕ್ಕೆ ನಾಲ್ಕರ ಭಾಗ, 250. ಸರಿಯಾಗಿ ಹೇಳಬೇಕೆಂದರೆ 250 ತುಂಡುಗಳ ನಡುವೆ ಇರುವುದು 249 ಜಾಯಿಂಟು. ಆದರೆ ಎಸ್ಟಿಮೇಟಿನಲ್ಲಿ 250 ಅಂತ ಹಿಡಿದರೆ ಯಾರೂ ಜಗಳ ಆಡಬೇಕಾಗಿಲ್ಲ. ದಿನದ ಕೆಲಸ ನಿಲ್ಲಿಸಿದ ಕಡೆ ಬರುವ ಜಾಯಿಂಟು ಬೇರೆ ಲೆಕ್ಕ ಅಲ್ಲವಾ ಅಂತ ಕೇಳಬಹುದು. ಅಲ್ಲ. ಒಳ್ಳೆಯ ಕೆಲಸಗಾರ ಆ ದಿನದ ಕೆಲಸವನ್ನು 4 ಮೀಟರಿನ ಗುರುತಿಗೇ ತಂದು ನಿಲ್ಲಿಸುತ್ತಾನೆ, ಹಾಗಾಗಿ ಅದು 250ರೊಳಗೇ ಬರುತ್ತದೆ.

ಒಂದು ಜಾಯಿಂಟಿಗೆ ಎಷ್ಟು ಸರಳು? 3.75 ಮೀಟರಿಗೆ 300 ಮಿಲಿಮೀಟರಿನಂತೆ ಭಾಗಿಸಿದರೆ 12.5 ಬರುತ್ತದೆ. ಅರ್ಧ ಸರಳು ಹಾಕಲು ಆಗುವುದಿಲ್ಲ. 12 ಸರಳು ಇಟ್ಟರೆ ಅವುಗಳ ನಡುವೆ 11 ಅಂತರ, ಅಂದರೆ 3.3 ಮೀಟರ್, ಉಳಿದ 450 ಮಿಲಿಮೀಟರ್ ಎರಡೂ ಅಂಚಿಗೆ 225ರಂತೆ ಹಂಚಿಹೋಗುತ್ತದೆ. 13 ಇಟ್ಟರೆ ಕೊನೆಯ ಸರಳು ಅಂಚಿನಿಂದ ಬರೀ 75 ಮಿಲಿಮೀಟರ್ ದೂರದಲ್ಲಿ ಕೂರುತ್ತದೆ, ಅಂಚಿನ ಕಾಂಕ್ರೀಟು ಒಡೆಯುವ ಅಪಾಯ. ಹಾಗಾಗಿ 12.

ಇನ್ನು ತೂಕ. ಸಿವಿಲ್ ಓದಿದ ಎಲ್ಲರಿಗೂ ಕನಸಿನಲ್ಲೂ ಬರುವ ಸೂತ್ರ ಒಂದಿದೆ:

W = d² / 162

ಇಲ್ಲಿ d ಅಂದರೆ ಮಿಲಿಮೀಟರಿನಲ್ಲಿ ಸರಳಿನ ವ್ಯಾಸ, W ಅಂದರೆ ಒಂದು ಮೀಟರ್ ಸರಳಿನ ಕಿಲೋ ತೂಕ. 162 ಎಲ್ಲಿಂದ ಬಂತು ಅಂತ ಕಾಲೇಜಿನಲ್ಲಿ ಬಹಳ ಮಂದಿ ಕೇಳುವುದೇ ಇಲ್ಲ. ಮಂತ್ರವೇನೂ ಅಲ್ಲ. ಒಂದು ಘನ ಮೀಟರ್ ಉಕ್ಕು 7,850 ಕಿಲೋ ತೂಗುತ್ತದೆ, ಅದನ್ನು ದುಂಡು ಸರಳಿನ ಅಡ್ಡಕೊಯ್ತದ ವಿಸ್ತೀರ್ಣಕ್ಕೆ ಹೊಂದಿಸಿ ಬರೆದರೆ ಈ ಸಂಖ್ಯೆ ಉಳಿಯುತ್ತದೆ.

25ರ ವರ್ಗ 625. ಅದನ್ನು 162ರಿಂದ ಭಾಗಿಸಿದರೆ ಮೀಟರಿಗೆ 3.858 ಕಿಲೋ. ನಮ್ಮ ಸರಳು 0.36 ಮೀಟರ್, ಅದರ ತೂಕ 1.389 ಕಿಲೋ. ಒಂದು ಜಾಯಿಂಟಿಗೆ 12 ಸರಳು, 16.67 ಕಿಲೋ. 250 ಜಾಯಿಂಟಿಗೆ 3,000 ಸರಳು, 4,167 ಕಿಲೋ. ಅಂದರೆ ಕಿಲೋಮೀಟರಿಗೆ 4 ಟನ್‌ಗಿಂತ ಸ್ವಲ್ಪ ಹೆಚ್ಚು.

ಇದು ದೊಡ್ಡದಾ, ಸಣ್ಣದಾ? ಈ ರಸ್ತೆಗೆ ಬೇಕಾಗುವ ಕಾಂಕ್ರೀಟು 750 ಘನ ಮೀಟರ್. ಘನ ಮೀಟರಿಗೆ ಐದೂವರೆ ಕಿಲೋ ಕಬ್ಬಿಣ ಆಯಿತು. ನಿಮ್ಮ ಮನೆಯ ಮಾಳಿಗೆಯ ಸ್ಲ್ಯಾಬಿನಲ್ಲಿ ಅದರ ಹತ್ತು ಹದಿನೈದು ಪಟ್ಟು ಇರುತ್ತದೆ. ಅಷ್ಟು ಕಡಿಮೆ ಕಬ್ಬಿಣ. ಅದರಲ್ಲೂ ಕಡಿಮೆ ಮಾಡಿದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ ಅನ್ನುವುದು ಇದರ ತೊಂದರೆ.

ಅಂಗಡಿಯ ಬಿಲ್ಲಿನ ಜೊತೆ ತಾಳೆ ನೋಡಬೇಕಾ? ಸರಳು 12 ಮೀಟರ್ ಉದ್ದದ್ದು ಬಂದರೆ ಒಂದರಲ್ಲಿ 360 ಮಿಲಿಮೀಟರಿನ 33 ತುಂಡು ಬರುತ್ತವೆ, ಒಂದು ಗೇಣಿಗಿಂತ ಚಿಕ್ಕ ಚೂರು ಉಳಿಯುತ್ತದೆ. 3,000 ತುಂಡಿಗೆ 91 ಸರಳು, 4,213 ಕಿಲೋ. ಅಂದರೆ ಖರೀದಿ ಬಿಲ್ಲು 4.2 ಟನ್ ಹತ್ತಿರ ಇರಬೇಕು. 2.7 ಟನ್ ಇದ್ದರೆ ಒಂದು ಅನುಮಾನ ಪಡಬಹುದು: 25 ಮಿಲಿಮೀಟರಿನ ಬದಲು 20 ಮಿಲಿಮೀಟರಿನ ಸರಳು ಹಾಕಿರಬಹುದು. ಯಾಕೆಂದರೆ ವ್ಯಾಸ ಐದನೇ ಒಂದು ಭಾಗ ಇಳಿದರೆ ತೂಕ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆ. ವರ್ಗದ ಆಟ ಅದು. ಕಣ್ಣಿಗೆ ಎರಡೂ ಸರಳು ಹೆಚ್ಚುಕಡಿಮೆ ಒಂದೇ ತರ ಕಾಣುತ್ತವೆ.

ಬರೀ ಕಿಲೋ ನೋಡಿದರೆ ಮೋಸ ಹೋಗ್ತೀರಿ

ಇಲ್ಲಿವರೆಗಿನ ಲೆಕ್ಕ ಹಿಡಿದುಕೊಂಡು ನಾಳೆಯೇ ಪಂಚಾಯಿತಿಗೆ ಹೋಗಬೇಡಿ. ಇನ್ನೊಂದು ವಿಷಯ ಇದೆ.

ಹಳ್ಳಿ ರಸ್ತೆಗೆ, ಅಂದರೆ ದಿನಕ್ಕೆ 450ಕ್ಕಿಂತ ಕಡಿಮೆ ವಾಣಿಜ್ಯ ವಾಹನ ಓಡಾಡುವ ರಸ್ತೆಗೆ, ಇಂಡಿಯನ್ ರೋಡ್ಸ್ ಕಾಂಗ್ರೆಸ್ ಬೇರೆಯದೇ ಮಾರ್ಗಸೂಚಿ ಇಟ್ಟಿದೆ, ಎಸ್‌ಪಿ 62. ಅದರ 2014ರ ಆವೃತ್ತಿ ಜಾಯಿಂಟುಗಳನ್ನು 2.5ರಿಂದ 4 ಮೀಟರ್ ಅಂತರದಲ್ಲಿ ಇಡಲು ಹೇಳುತ್ತದೆ, ಮತ್ತು ಎಲ್ಲ ಸಂಕೋಚನ ಜಾಯಿಂಟಿಗೂ ಡೋವೆಲ್ ಬೇಕೇ ಬೇಕು ಅನ್ನುವುದಿಲ್ಲ. ಕಾರಣ ಸರಳ. ತುಂಡು ಚಿಕ್ಕದಾದಷ್ಟೂ ಕುಗ್ಗುವುದು ಕಡಿಮೆ, ಬಿರುಕು ಕೂದಲೆಳೆಯಷ್ಟೇ ತೆರೆಯುತ್ತದೆ. ಆಗ ಬಿರುಕಿನ ಎರಡೂ ಬದಿಯ ಜಲ್ಲಿಕಲ್ಲುಗಳು ಹಲ್ಲಿಗೆ ಹಲ್ಲು ಕೂತಂತೆ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ, ಭಾರ ಅದರಿಂದಲೇ ದಾಟುತ್ತದೆ. ಹಾಸು ತೆಳುವಾಗಿದ್ದರೆ, 150 ಮಿಲಿಮೀಟರಿನಷ್ಟಿದ್ದರೆ, ಸರಳಿನ ಮೇಲೆ ಕೆಳಗೆ ಉಳಿಯುವ ಕಾಂಕ್ರೀಟು ಅಷ್ಟು ದಪ್ಪವೂ ಇರುವುದಿಲ್ಲ, ಸರಳೇ ಅದನ್ನು ಒಳಗಿನಿಂದ ಒಡೆಯಬಹುದು. ಮೋರಿ, ಸೇತುವೆಯ ಪಕ್ಕದ ಹಿಗ್ಗುವಿಕೆ ಜಾಯಿಂಟು ಮಾತ್ರ ಬೇರೆ. ಅಲ್ಲಿ ನಿಜವಾಗಿಯೂ 20 ಮಿಲಿಮೀಟರಿನ ಖಾಲಿ ಸಂದು ಇರುತ್ತದೆ, ಕಲ್ಲು ಕಚ್ಚಿಕೊಳ್ಳುವ ಮಾತೇ ಇಲ್ಲ, ಡೋವೆಲ್ ಬೇಕೇ ಬೇಕು.

ಅಂದರೆ ಒಂದೇ ಊರಿನ ಎರಡು ಸಿಸಿ ರಸ್ತೆಗಳಲ್ಲಿ ಒಂದಕ್ಕೆ ಕಿಲೋಮೀಟರಿಗೆ 4 ಟನ್ ಡೋವೆಲ್, ಇನ್ನೊಂದಕ್ಕೆ ಮೋರಿಗಳ ಹತ್ತಿರ ಬಿಟ್ಟರೆ ಏನೂ ಇಲ್ಲ ಅಂತ ಇರಬಹುದು, ಎರಡೂ ಸರಿಯೇ ಇರಬಹುದು. ಊರೊಳಗಿನ ಓಣಿಯ ರಸ್ತೆ ಮತ್ತು ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳಿಗೆ ಭಾರೀ ವಾಹನ ಹೋಗುವ ರಸ್ತೆ ಒಂದೇ ಅಲ್ಲ.

ಅಂತರ ಬದಲಾದರೆ ಲೆಕ್ಕ ಎಷ್ಟು ಬದಲಾಗುತ್ತದೆ ನೋಡಿ. ಹೆದ್ದಾರಿಯಂತೆ 4.5 ಮೀಟರಿಗೊಂದು ಜಾಯಿಂಟು ಇಟ್ಟರೆ ಕಿಲೋಮೀಟರಿಗೆ 222, ಡೋವೆಲ್ ತೂಕ 3.7 ಟನ್. 2.5 ಮೀಟರಿಗೆ ಇಟ್ಟು ಎಲ್ಲದಕ್ಕೂ ಡೋವೆಲ್ ಹಾಕಿದರೆ 400 ಜಾಯಿಂಟು, 6.67 ಟನ್. ಹಾಗಾಗಿ ‘ಎಷ್ಟು ಕಿಲೋ’ ಅನ್ನುವುದು ಎರಡನೇ ಪ್ರಶ್ನೆ. ಮೊದಲನೆಯದು ‘ಅಂತರ ಎಷ್ಟು, ದಪ್ಪ ಎಷ್ಟು’. 2.5 ಮೀಟರ್ ಅಂತರ, 150 ಮಿಲಿಮೀಟರ್ ದಪ್ಪ ಅಂತ ಬರೆದು, ಮೇಲೆ ಎಲ್ಲ ಜಾಯಿಂಟಿಗೂ ಡೋವೆಲ್ ಅಂತ ಟನ್‌ಗಟ್ಟಲೆ ಕಬ್ಬಿಣ ತೋರಿಸಿದ್ದರೆ, ಆ ಎಸ್ಟಿಮೇಟ್ ಎರಡು ದೋಣಿಯಲ್ಲಿ ಕಾಲಿಟ್ಟಿದೆ. ಅದನ್ನು ಬರೆದವರು ಯಾವ ಮಾರ್ಗಸೂಚಿ ಹಿಡಿದು ವಿನ್ಯಾಸ ಮಾಡಿದರು ಅಂತ ಕೇಳುವುದು ನ್ಯಾಯವಾದ ಪ್ರಶ್ನೆ.

ದುಡ್ಡಿನ ವಿಷಯಕ್ಕೆ ಬಂದರೆ, ಡೋವೆಲ್‌ಗೆ ಬಿಲ್ಲು ಎರಡು ರೀತಿ ಬರಬಹುದು. ಒಂದು, ಕಾಂಕ್ರೀಟಿನ ಘನ ಮೀಟರ್ ದರದಲ್ಲೇ ಡೋವೆಲ್, ಜಾಯಿಂಟು ಕೊಯ್ಯುವುದು, ತುಂಬುವುದು ಎಲ್ಲ ಸೇರಿರುತ್ತದೆ. ಇನ್ನೊಂದು, ಕಬ್ಬಿಣಕ್ಕೆ ಬೇರೆ ಐಟಂ ಇದ್ದು ತೂಕದ ಲೆಕ್ಕದಲ್ಲಿ ಪಾವತಿ ಆಗುತ್ತದೆ. ಮೊದಲನೆಯದರಲ್ಲಿ ಕಬ್ಬಿಣವನ್ನು ತೂಗುವ ಅಗತ್ಯವೇ ಬೀಳುವುದಿಲ್ಲ, 750 ಘನ ಮೀಟರ್ ಆಯಿತೆಂದರೆ ಬಿಲ್ಲು ಆಯಿತು. ಕಬ್ಬಿಣ ಕಡಿಮೆ ಹಾಕಿದರೆ ಉಳಿಯುವುದೆಲ್ಲ ಗುತ್ತಿಗೆದಾರನಿಗೆ. ಎರಡನೆಯದರಲ್ಲಿ ಅಳತೆ ಪುಸ್ತಕದಲ್ಲಿ ಸರಳಿನ ಸಂಖ್ಯೆ, ಉದ್ದ, ವ್ಯಾಸ ಬರೆಯಲೇಬೇಕು. ಕಾಂಕ್ರೀಟಿನ ಐಟಂನ ವಿವರಣೆಯಲ್ಲಿ ‘ಡೋವೆಲ್ ಬಾರ್ ಸೇರಿ’ ಅಂತಲೂ ಇದ್ದು, ಕೆಳಗೆ ಡೋವೆಲ್‌ಗೆ ಇನ್ನೊಂದು ಸಾಲೂ ಇದ್ದರೆ? ಆಗ ಒಂದೇ ಸರಳಿಗೆ ಎರಡು ಸಲ ಹಣ ಹೋಗುತ್ತಿದೆಯಾ ಅಂತ ನೋಡಬೇಕು. ಐಟಂನ ವಿವರಣೆ ಉದ್ದ, ಬೇಸರದ ಇಂಗ್ಲಿಷು, ನಿಜ. ಆದರೆ ಓದಬೇಕಾದ್ದು ಅದನ್ನೇ.

ಸರಳು ಇದ್ದೂ ಕೆಡುವ ರಸ್ತೆ

4,167 ಕಿಲೋ ಪೂರ್ತಿ ಬಂತು, ತೂಗಿ ಇಳಿಸಿಕೊಂಡರು ಅಂತಲೇ ಇಟ್ಟುಕೊಳ್ಳಿ. ರಸ್ತೆ ಆಗಲೂ ಕೆಡಬಹುದು. ತೂಕ ಸರಿಯಾಗಿದ್ದು ಕೂರಿಸಿದ್ದು ತಪ್ಪಾಗಿದ್ದರೆ ಡೋವೆಲ್ ಇಲ್ಲದಿರುವುದಕ್ಕಿಂತಲೂ ಕೆಟ್ಟದ್ದು ಅಂತ ನನ್ನ ಅಭಿಪ್ರಾಯ.

ಮೊದಲ ತಪ್ಪು ಸರಳಿನ ಜಾತಿ. ಡೋವೆಲ್‌ಗೆ ಬೇಕಾದ್ದು ಮೈ ನುಣುಪಾದ ಮೈಲ್ಡ್ ಸ್ಟೀಲ್ ಸರಳು. ಮನೆ ಕಟ್ಟಲು ತರುವ ಏಣುಗಳಿರುವ ಟಿಎಂಟಿ ಸರಳು ಅಲ್ಲ. ಅಂಗಡಿಯಲ್ಲಿ ಕೂಡಲೇ ಸಿಗುವುದು ಟಿಎಂಟಿ, ಹಾಗಾಗಿ ಅದನ್ನೇ ಕತ್ತರಿಸಿ ಹಾಕುವ ಆಸೆ ಆಗುತ್ತದೆ. ‘ಇನ್ನೂ ಗಟ್ಟಿ ಅಲ್ಲವಾ ಸರ್’ ಅಂತ ಸಮಜಾಯಿಷಿಯೂ ಸಿಗಬಹುದು. ಗಟ್ಟಿ ಹೌದು, ಆದರೆ ಏಣುಗಳು ಕಾಂಕ್ರೀಟನ್ನು ಕಚ್ಚಿ ಹಿಡಿಯುತ್ತವೆ, ಜಾರುವುದಿಲ್ಲ. ಡ್ರಾಯರಿಗೆ ಮೊಳೆ ಹೊಡೆದಂತೆ.

ಎರಡನೆಯದು ಓರೆ. 12 ಸರಳೂ ರಸ್ತೆಯ ಉದ್ದಕ್ಕೆ ನೇರವಾಗಿ, ಮೇಲ್ಮೈಗೆ ಸಮಾನಾಂತರವಾಗಿ ಇರಬೇಕು. ಅದಕ್ಕೇ ಅವುಗಳನ್ನು ಕಂಬಿಯ ಕುರ್ಚಿಯಂಥ ಚೌಕಟ್ಟಿನ ಮೇಲೆ ಕೂರಿಸಿ ನೆಲಕ್ಕೆ ಬಿಗಿಯಬೇಕು. ಕೈಯಿಂದ ಹಾಸುವ ಕೆಲಸದಲ್ಲಿ ಆಳುಗಳು ಅದರ ಮೇಲೇ ಓಡಾಡುತ್ತಾರೆ, ವೈಬ್ರೇಟರ್ ಅದಕ್ಕೇ ತಾಗುತ್ತದೆ. ಇನ್ನು ಕೆಲವು ಕಡೆ ಹಸಿ ಕಾಂಕ್ರೀಟಿಗೆ ಕೈಯಲ್ಲೇ ಸರಳು ಒತ್ತುವುದೂ ಉಂಟು. ಹೀಗೆ ಒಂದೊಂದು ಸರಳು ಒಂದೊಂದು ದಿಕ್ಕಿಗೆ ತಿರುಗಿದರೆ ಜಾಯಿಂಟು ಬೀಗ ಹಾಕಿದಂತೆ ಆಗುತ್ತದೆ. ಕುಗ್ಗಲು ದಾರಿ ಸಿಗದ ಹಾಸು ಪಕ್ಕದಲ್ಲಿ ಸೀಳುತ್ತದೆ. ಇದರ ಗುರುತು ಸ್ಪಷ್ಟ: ಕೊಯ್ದ ಗೆರೆ ಸುಮ್ಮನೆ ಇರುತ್ತದೆ, ಅದರಿಂದ ಸರಳಿನ ಕೊನೆಯಷ್ಟು ದೂರದಲ್ಲಿ, ಅಥವಾ ಹಾಸಿನ ನಡುವೆ, ಅಡ್ಡಲಾಗಿ ಇನ್ನೊಂದು ಬಿರುಕು ಓಡಿರುತ್ತದೆ.

ಮೂರನೆಯದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗೆರೆ ಸರಳಿನ ನಟ್ಟನಡುವೆ ಬೀಳಬೇಕು. ಕಾಂಕ್ರೀಟು ಹಾಕಿದ ಮೇಲೆ ಸರಳು ಕಾಣುವುದಿಲ್ಲ, ಹಾಗಾಗಿ ಮೊದಲೇ ಪಕ್ಕದ ಹಲಗೆಯ ಮೇಲೆ ಬಣ್ಣದ ಗುರುತು ಹಾಕಿಟ್ಟುಕೊಳ್ಳಬೇಕು. ಗುರುತು ಇಲ್ಲದೆ ಅಂದಾಜಿನ ಮೇಲೆ ಕೊಯ್ದು 15 ಸೆಂಟಿಮೀಟರ್ ಆಚೀಚೆ ಆಯಿತು ಅನ್ನಿ. 18 ಸೆಂಟಿಮೀಟರ್ ಆ ಕಡೆ ಇರಬೇಕಿದ್ದ ಸರಳು 3 ಸೆಂಟಿಮೀಟರ್ ಮಾತ್ರ ಉಳಿಯುತ್ತದೆ. 12 ಸರಳೂ ಇವೆ, ಬಿಲ್ಲೂ ಸರಿ, ಜಾಯಿಂಟು ಮಾತ್ರ ಡೋವೆಲ್ ಇಲ್ಲದ್ದೇ.

ಕೊಯ್ಯುವ ಹೊತ್ತೂ ಮುಖ್ಯ. ಏಪ್ರಿಲ್, ಮೇ ಬಿಸಿಲಿನಲ್ಲಿ ಬೆಳಿಗ್ಗೆ ಹಾಕಿದ ಕಾಂಕ್ರೀಟು ಸಂಜೆಯೊಳಗೆ ಕೊಯ್ಯುವ ಹದಕ್ಕೆ ಬಂದಿರುತ್ತದೆ. ಯಂತ್ರ ನಾಳೆ ಬರುತ್ತದೆ ಅಂತ ಕೂತರೆ ರಾತ್ರಿ ತಂಪಿಗೆ ಹಾಸು ತಾನೇ ಜಾಗ ಆರಿಸಿಕೊಂಡು ಸೀಳಿರುತ್ತದೆ. ಆಮೇಲೆ ಕೊಯ್ದ ಗೆರೆ ಬರೀ ಅಲಂಕಾರ. ಹಸಿ ಕಾಂಕ್ರೀಟಿನ ಮೇಲೆ ಕಂಬಿಯಿಂದ ಎಳೆದ ಬೆರಳಿನ ಗೆರೆಯೂ ಅಷ್ಟೆ.

ಎರಿ ನೆಲದ ಬಿರುಕು ಬೇರೆ

ನರಗುಂದ, ರೋಣದ ಸಿಸಿ ರಸ್ತೆ ನೋಡುವಾಗ ಇನ್ನೊಂದು ಬಗೆಯ ಬಿರುಕನ್ನು ಹುಡುಕಿ. ರಸ್ತೆಗೆ ಅಡ್ಡ ಅಲ್ಲ, ಉದ್ದಕ್ಕೆ, ಅಂಚಿನಿಂದ ಸ್ವಲ್ಪ ಒಳಗೆ, ಹಲವು ಹಾಸುಗಳನ್ನು ದಾಟಿ ಹಾವಿನಂತೆ ಹೋಗುವ ಬಿರುಕು. ಇದಕ್ಕೂ ಡೋವೆಲ್‌ಗೂ ಸಂಬಂಧ ಇಲ್ಲ. ಡೋವೆಲ್ ಇರುವುದು ಅಡ್ಡ ಜಾಯಿಂಟಿನಲ್ಲಿ, ಉದ್ದದ ಬಿರುಕನ್ನು ಅದು ತಡೆಯಲಾರದು. ಕಿಲೋಮೀಟರಿಗೆ 4 ಟನ್ ಅಲ್ಲ, 14 ಟನ್ ಹಾಕಿದರೂ ಅಷ್ಟೆ.

ಕಾರಣ ಕೆಳಗಿನ ಮಣ್ಣು. ಹಾಸಿನ ನಡುಭಾಗದ ಕೆಳಗೆ ಎರಿ ಮಣ್ಣಿನ ತೇವ ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ, ಮೇಲೆ ಮುಚ್ಚಳ ಇದೆಯಲ್ಲ. ಅಂಚಿನಲ್ಲಿ ಹಾಗಲ್ಲ. ಬೇಸಿಗೆಯಲ್ಲಿ ಪಕ್ಕದ ಹೊಲದ ಜೊತೆಗೆ ಅದೂ ಒಣಗಿ ಕುಗ್ಗಿ ಕೆಳಗಿಳಿಯುತ್ತದೆ, ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಹಾಸಿನ ಅಂಚು ವರ್ಷಕ್ಕೊಮ್ಮೆ ಗಾಳಿಯಲ್ಲಿ ತೂಗುತ್ತದೆ, ವರ್ಷಕ್ಕೊಮ್ಮೆ ಕೆಳಗಿನಿಂದ ತಳ್ಳಿಸಿಕೊಳ್ಳುತ್ತದೆ. ಅಂಚಿನ ಮೇಲೆ ಟ್ರ್ಯಾಕ್ಟರಿನ ಗಾಲಿ ಬಿದ್ದಾಗ ಅದು ಉದ್ದಕ್ಕೆ ಮುರಿಯುತ್ತದೆ.

ಇದಕ್ಕೆ ಮದ್ದು ಇರುವುದು ಎಸ್ಟಿಮೇಟಿನ ಬೇರೆ ಸಾಲುಗಳಲ್ಲಿ. ಎರಿ ಮಣ್ಣನ್ನು ಅಗೆದು ಉಬ್ಬದ ಮಣ್ಣು, ನಮ್ಮ ಕಡೆ ಗರಸು ಅನ್ನುತ್ತೇವಲ್ಲ, ಅದನ್ನು ಪದರ ಪದರವಾಗಿ ತುಂಬಿ ರೋಲರ್ ಹೊಡೆಯಬೇಕು. ತೀರಾ ಉಬ್ಬುವ ಮಣ್ಣಾದರೆ ಈ ಮೆತ್ತೆ 60 ಸೆಂಟಿಮೀಟರಿನಿಂದ 1 ಮೀಟರ್ ದಪ್ಪ ಬೇಕಾಗುತ್ತದೆ. ಅಥವಾ ಮಣ್ಣಿಗೆ ಸುಣ್ಣ ಕಲಸಿ ಉಬ್ಬುವ ಗುಣ ತಗ್ಗಿಸಬೇಕು. ರಸ್ತೆಯ ಪಕ್ಕದ ಭುಜಕ್ಕೂ ಅದೇ ಗರಸು ಹಾಕಬೇಕು, ಗಟಾರು ರಸ್ತೆಯ ಅಂಚಿಗೇ ತಾಗಿ ನೀರು ಕುಡಿಸುವಂತೆ ಇರಬಾರದು. ಗಜೇಂದ್ರಗಡದ ಗುಡ್ಡದ ಬದಿಗೆ ಗಟ್ಟಿ ನೆಲ, ಗರಸು ಹತ್ತಿರದಲ್ಲೇ ಸಿಗುತ್ತದೆ. ನರಗುಂದದ ಎರಿ ಬಯಲಿಗೆ ಅದನ್ನು ದೂರದಿಂದ ಹೊತ್ತು ತರಬೇಕು. ಸಾಗಣೆಯ ದುಡ್ಡು ಉಳಿಸಲು ಮೊದಲು ಕತ್ತರಿ ಬೀಳುವುದು ಇಲ್ಲೇ. ನನ್ನನ್ನು ಕೇಳಿದರೆ, ಎರಿ ನೆಲದ ಹಳ್ಳಿ ರಸ್ತೆಗೆ ದುಡ್ಡು ಕಡಿಮೆ ಇದ್ದಾಗ ಡೋವೆಲ್ ಬಿಟ್ಟು, ಜಾಯಿಂಟು ಹತ್ತಿರ ಹತ್ತಿರ ಇಟ್ಟು, ಉಳಿದದ್ದನ್ನು ಕೆಳಗಿನ ಗರಸಿಗೆ ಹಾಕುವುದೇ ಜಾಣತನ.

ಕೆಳಗಿನ ಹಾಸು ಕೆಟ್ಟಿದೆ ಅಂತ ಜಾಯಿಂಟೇ ಹೇಳುತ್ತದೆ. ಮಳೆ ನಿಂತ ಮಾರನೇ ದಿನ ಒಂದು ತುಂಬಿದ ಟ್ರ್ಯಾಕ್ಟರ್ ದಾಟುವಾಗ ಗೆರೆಯನ್ನು ನೋಡುತ್ತಾ ನಿಲ್ಲಿ. ಸಂದಿನಿಂದ ಕಪ್ಪು ಕೆಸರುನೀರು ಚಿಮ್ಮಿದರೆ ಕೆಳಗಿನ ಮಣ್ಣು ಕರಗಿ ಹೊರಬರುತ್ತಿದೆ, ಅಲ್ಲಿ ಪೊಳ್ಳು ಆಗುತ್ತಿದೆ. ಮುಂದಿನ ಹಂತದಲ್ಲಿ ಒಂದು ಹಾಸು ಪಕ್ಕದ್ದಕ್ಕಿಂತ ಕೆಳಗೆ ಇಳಿಯುತ್ತದೆ, ಬೈಕಿನಲ್ಲಿ ಹೋಗುವಾಗ ನಾಲ್ಕು ಮೀಟರಿಗೊಮ್ಮೆ ದಡ್ ದಡ್ ಅನ್ನುತ್ತದೆ. ಡೋವೆಲ್ ಹಾಕಿದ್ದೇವೆ ಅನ್ನುವ ಜಾಯಿಂಟಿನಲ್ಲಿ ಈ ಮೆಟ್ಟಿಲು ಬಂದಿದ್ದರೆ, ಸರಳು ಇಲ್ಲ ಅಥವಾ ಸರಿಯಾದ ಜಾಗದಲ್ಲಿ ಇಲ್ಲ ಅನ್ನುವ ಅನುಮಾನಕ್ಕೆ ಅಷ್ಟು ಸಾಕು.

ಕೇಳೋದು ಹೇಗೆ?

ಒಂದು ಟೇಪು ಹಿಡಿದು 100 ಮೀಟರ್ ನಡೆಯಿರಿ. 4 ಮೀಟರ್ ಅಂತರ ಅಂತ ಎಸ್ಟಿಮೇಟಿನಲ್ಲಿದ್ದರೆ 25 ಗೆರೆ ಸಿಗಬೇಕು. 16 ಸಿಕ್ಕರೆ ಬಿಲ್ಲಿನಲ್ಲಿರುವ 250 ಜಾಯಿಂಟು ಎಲ್ಲಿ ಹೋದವು ಅಂತ ಕೇಳಬಹುದು. ಗೆರೆಗೆ ಇನ್ನೂ ಡಾಂಬರು ಅಥವಾ ಸೀಲೆಂಟ್ ತುಂಬದಿದ್ದರೆ ಹ್ಯಾಕ್ಸಾ ಬ್ಲೇಡು ಇಳಿಸಿ ಆಳ ನೋಡಿ. ಐದಾರು ಸೆಂಟಿಮೀಟರ್ ಹೋಗಬೇಕಾದ ಕಡೆ ಒಂದೇ ಸೆಂಟಿಮೀಟರಿಗೆ ನಿಂತರೆ ಅದು ಜಾಯಿಂಟಲ್ಲ.

ಕಾಗದಕ್ಕೆ ಬಂದರೆ, 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಬಹಳ ಜನ ಬಳಸದ ಒಂದು ಸೌಲಭ್ಯ ಇದೆ. ಅದರ ಸೆಕ್ಷನ್ 2(ಜೆ) ಬರೀ ದಾಖಲೆಯ ನಕಲು ಕೇಳುವ ಹಕ್ಕಲ್ಲ. ಕಾಮಗಾರಿಯನ್ನು ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಅದರಲ್ಲಿದೆ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು, ಶುಲ್ಕ 10 ರೂಪಾಯಿ. ಹಾಗಾಗಿ ‘ರಸ್ತೆಯ ಸಂಪೂರ್ಣ ಮಾಹಿತಿ ಕೊಡಿ’ ಅಂತ ಬರೆಯಬೇಡಿ. ಒಂದು ಕಾಮಗಾರಿಯ ಹೆಸರು ಹೇಳಿ, ಅದರ ಜಾಯಿಂಟು ನಕ್ಷೆ, ಡೋವೆಲ್ ಬಗ್ಗೆ ಬರೆದ ಅಳತೆ ಪುಸ್ತಕದ ಪುಟಗಳು, ಸರಳಿನ ಖರೀದಿ ಬಿಲ್ಲು ಮತ್ತು ಪರೀಕ್ಷಾ ಪ್ರಮಾಣಪತ್ರ, ಇಷ್ಟನ್ನೇ ಕೇಳಿ. ನಾಲ್ಕರಲ್ಲೂ ವ್ಯಾಸ, ಉದ್ದ, ಸಂಖ್ಯೆ ಒಂದೇ ಇರಬೇಕು. ಸರಕಾರದ ಬಿಲ್ಲನ್ನು ಪ್ರಶ್ನಿಸುವುದು ಈ ಭಾಗಕ್ಕೆ ಹೊಸದೇನಲ್ಲ. 1980ರ ಜುಲೈ 21ರಂದು ನರಗುಂದದಲ್ಲಿ ಸಿಡಿದದ್ದೂ ನೀರಾವರಿಯ ಕರದ ಲೆಕ್ಕದ ಮೇಲೆಯೇ.

ಆಗಿಹೋದ ರಸ್ತೆಯಲ್ಲಿ ಸರಳು ಇದೆಯೋ ಇಲ್ಲವೋ ಅಂತ ನೋಡಲು ಹಾಸು ಒಡೆಯಬೇಕಾಗಿಲ್ಲ. ಕಬ್ಬಿಣ ಹುಡುಕುವ ಕವರ್ ಮೀಟರ್ ಅನ್ನುವ ಕೈಯಳತೆಯ ಉಪಕರಣ ಇದೆ, ಕಟ್ಟಡದ ಗುಣಮಟ್ಟ ಪರೀಕ್ಷಿಸುವವರ ಹತ್ತಿರ ಇರುತ್ತದೆ. ಜಾಯಿಂಟಿನ ಉದ್ದಕ್ಕೂ ಅದನ್ನು ಸರಿಸಿದರೆ 30 ಸೆಂಟಿಮೀಟರಿಗೊಮ್ಮೆ ಸದ್ದು ಮಾಡಬೇಕು, 12 ಸಲ. ಸರಳು ಮೇಲಿನಿಂದ 10 ಸೆಂಟಿಮೀಟರ್ ಕೆಳಗಿರುವುದರಿಂದ ಅಗ್ಗದ ಮೀಟರುಗಳಿಗೆ ಅಷ್ಟು ಆಳ ನಿಲುಕುವುದಿಲ್ಲ, ಇದನ್ನು ಮೊದಲೇ ಕೇಳಿಕೊಳ್ಳಿ. ಅನುಮಾನ ಉಳಿದರೆ ಜಾಯಿಂಟಿನ ಮೇಲೆ ಒಂದು ಕೋರ್ ತೆಗೆಸಿ ಅಂತ ಇಲಾಖೆಯನ್ನೇ ಒತ್ತಾಯಿಸಬಹುದು. ದುಂಡಗಿನ ಆ ಕಾಂಕ್ರೀಟು ತುಂಡಿನಲ್ಲಿ ಹಾಸಿನ ದಪ್ಪ, ಗೆರೆಯ ಆಳ, ಅದರ ಕೆಳಗಿನ ಬಿರುಕು, ಸರಳಿನ ವ್ಯಾಸ, ಪ್ಲಾಸ್ಟಿಕ್ ಕೊಳವೆ ಇದೆಯೋ ಇಲ್ಲವೋ, ಎಲ್ಲ ಒಟ್ಟಿಗೆ ಕಾಣುತ್ತದೆ. ಕೋರ್ ತೆಗೆಯುವ ಜಾಯಿಂಟನ್ನು ಮಾತ್ರ ಗುತ್ತಿಗೆದಾರ ತೋರಿಸಬಾರದು, ನೀವು ತೋರಿಸಿ.